ಮೊದಲು ಎಂಜಲು ತಟ್ಟೆಯ ದಾರಿ ಗುರುತಿಸಿ

ಬೆಳಗ್ಗೆ ಎಂಟೂವರೆ ಹೊತ್ತಿಗೆ ಬೆಂಗಳೂರಿನ ಕೆಲವು ದರ್ಶಿನಿಗಳಲ್ಲಿ ಕೌಂಟರಿನಿಂದ ಒಳಕ್ಕೆ ‘ಪ್ಲೇಟ್, ಪ್ಲೇಟ್’ ಎಂಬ ಕೂಗು ನಿಲ್ಲುವುದೇ ಇಲ್ಲ. ಕಾವಲಿಯ ಮೇಲೆ ದೋಸೆ ಗರಿಯಾಗಿದೆ, ಟೋಕನ್ ಹಿಡಿದವರು ಕಾಯುತ್ತಿದ್ದಾರೆ, ಹಾಕಿಕೊಡಲು ತಟ್ಟೆ ಇಲ್ಲ. ಕೊನೆಗೆ ಬರುವ ತಟ್ಟೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಮಾಲೀಕರು ಇನ್ನೊಂದಿಷ್ಟು ತಟ್ಟೆ ತರಿಸುತ್ತಾರೆ, ಸ್ವಲ್ಪ ದಿನ ಕಳೆದರೆ ಮತ್ತೆ ಅದೇ ಕೂಗು. ಇಂಥ ಕಡೆ ಒಳಗೆ ಹೋಗಿ ನೋಡಿದರೆ ತೊಳೆಯುವ ಸಿಂಕ್ ಹೆಚ್ಚಾಗಿ ಅಡುಗೆಮನೆಯ ಕಟ್ಟಕಡೆಯ ಮೂಲೆಯಲ್ಲಿರುತ್ತದೆ. ಕೊಳಕು ಕೆಲಸ ಕಣ್ಣಿಗೆ ಬೀಳಬಾರದೆಂದು ಅದನ್ನು ಅಲ್ಲಿಗೆ ತಳ್ಳಿರುತ್ತಾರೆ.

1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿಯನ್ನು ಆರಂಭಿಸಿದ ಮೇಲೆ ನಿಂತು ತಿನ್ನುವ ಈ ಪದ್ಧತಿ ಊರೆಲ್ಲ ಹಬ್ಬಿತು. ಇಲ್ಲಿ ಸಪ್ಲೈಯರ್ ಇರುವುದಿಲ್ಲ. ತಿಂಡಿ ಒಯ್ಯುವವರೂ ಗಿರಾಕಿಗಳೇ, ಎಂಜಲು ತಟ್ಟೆಯನ್ನು ಟಬ್ಬಿಗೆ ಹಾಕುವವರೂ ಅವರೇ. ಹಾಗಾಗಿ ಟಬ್ಬು ಎಲ್ಲಿದೆ ಎಂಬುದರ ಮೇಲೆ ಅಂಗಡಿಯೊಳಗಿನ ಜನರ ಓಡಾಟವೂ ನಿಂತಿರುತ್ತದೆ.

ದಿನಸಿಯದು ಒಮ್ಮುಖದ ದಾರಿ. ಮೂಟೆ ಬರುತ್ತದೆ, ಉಗ್ರಾಣ ಸೇರುತ್ತದೆ, ತೊಳೆದು ಹೆಚ್ಚಿ ರುಬ್ಬುತ್ತಾರೆ, ಬೇಯಿಸುತ್ತಾರೆ, ಗಿರಾಕಿಯ ಕೈಗೆ ಕೊಡುತ್ತಾರೆ. ತಟ್ಟೆ ಮಾತ್ರ ಸುತ್ತುತ್ತಲೇ ಇರಬೇಕು. ಗಂಟೆಗೆ 300 ತಟ್ಟೆ ತಿಂಡಿ ಹೋಗುವ ಜಾಗ ಎಂದುಕೊಳ್ಳಿ. ಒಂದು ತಟ್ಟೆ ಕೌಂಟರ್ ಬಿಟ್ಟು, ಗಿರಾಕಿ ತಿಂದು, ಟಬ್ಬಿಗೆ ಬಿದ್ದು, ತೊಳೆದು ಒಣಗಿ ಮತ್ತೆ ಕೌಂಟರಿಗೆ ಬರಲು ಅರ್ಧ ಗಂಟೆ ಹಿಡಿದರೆ 150 ತಟ್ಟೆ ಚಲಾವಣೆಯಲ್ಲಿ ಇರಬೇಕು. ಸಿಂಕ್ ದೂರವಾಗಿ, ಟಬ್ಬು ತುಂಬಿ ಕೂತು, ಆ ಸುತ್ತು ಮುಕ್ಕಾಲು ಗಂಟೆಯಾದರೆ 225 ಬೇಕಾಗುತ್ತದೆ. ಹೊಸದಾಗಿ ತಂದ 75 ತಟ್ಟೆಗಳೂ ಟಬ್ಬಿನಲ್ಲೇ ರಾಶಿ ಬೀಳುತ್ತವೆ.

ತಡವಾಗುವುದೊಂದೇ ಆದರೆ ಹೇಗೋ ಸಹಿಸಬಹುದಿತ್ತು. ಎಂಜಲು ತುಂಬಿದ ಟಬ್ಬು ಹಿಂದಿನ ಸಿಂಕಿಗೆ ಹೋಗಬೇಕಾದರೆ ಕಾವಲಿಯ ಬೆನ್ನ ಹಿಂದೆ, ಚಟ್ನಿ ಪಾತ್ರೆಯ ಪಕ್ಕ, ಇಡ್ಲಿ ತೆಗೆಯುವವರ ನಡುವೆ ಹಾದು ಹೋಗಬೇಕು. ಚಟ್ನಿಯನ್ನು ಮತ್ತೆ ಯಾರೂ ಕುದಿಸುವುದಿಲ್ಲ, ಅದರ ಮೇಲೆ ಬಿದ್ದ ಹನಿ ನೇರವಾಗಿ ಗಿರಾಕಿಯ ಹೊಟ್ಟೆಗೆ. ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ಪರವಾನಗಿ ನಿಯಮಗಳ ನಾಲ್ಕನೇ ಅನುಸೂಚಿಯೂ, ಕೊಳಕು ಆಹಾರಕ್ಕೆ ತಾಗದಂತೆ ಅಡುಗೆಮನೆಯ ವಿನ್ಯಾಸವಿರಬೇಕು ಎನ್ನುತ್ತದೆ. ಆದ್ದರಿಂದ ನಕ್ಷೆಯ ಮೇಲೆ ಒಲೆಗಿಂತ ಮೊದಲು ಬರೆಯಬೇಕಾದ್ದು ಎಂಜಲು ತಟ್ಟೆಯ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಮಳಿಗೆಯನ್ನು ಇಟ್ಟುಕೊಂಡೇ ನೋಡೋಣ. ರಸ್ತೆಯ ಕಡೆ 20 ಅಡಿ ಅಗಲ, ಒಳಕ್ಕೆ 40 ಅಡಿ ಉದ್ದ, ಎಡಗಡೆ ಉದ್ದಕ್ಕೂ ನಾಲ್ಕು ಅಡಿಯ ಓಣಿ. ಮುಂದಿನ 16 ಅಡಿ ಗಿರಾಕಿಗಳಿಗೆ, ಹಿಂದಿನ 24 ಅಡಿ ಅಡುಗೆಮನೆಗೆ. ತೊಳೆಯುವ ಜಾಗವನ್ನು ಅಡುಗೆಮನೆಯ ಮುಂದಿನ ಎಡಮೂಲೆಗೆ, ಅಂದರೆ ಗಿರಾಕಿಗಳ ಗೋಡೆಗೇ ಅಂಟಿಸಿ ತನ್ನಿ. ಆ ಗೋಡೆಯಲ್ಲೊಂದು ಕಿಂಡಿ. ಗಿರಾಕಿ ಹೊರಗಿನಿಂದ ತಟ್ಟೆ ಇಡುತ್ತಾರೆ, ಕ್ಲೀನರ್ ಒಳಗಿನಿಂದ ತೆಗೆದುಕೊಳ್ಳುತ್ತಾರೆ. ಅಲ್ಲಿ ಎಂಜಲು ಕೆರೆದು ಹಾಕುವ ಡ್ರಮ್ಮು, ಆಮೇಲೆ ಸಾಲಾಗಿ ಮೂರು ಸಿಂಕ್. ಮೊದಲನೆಯದರಲ್ಲಿ ಸೋಪಿನ ನೀರು, ಎರಡನೆಯದರಲ್ಲಿ ಬರೀ ನೀರು, ಮೂರನೆಯದರಲ್ಲಿ ಕ್ರಿಮಿನಾಶಕ ಬೆರೆಸಿದ ನೀರು. ಅದರ ಬಲಕ್ಕೆ ತಟ್ಟೆ ಓರೆಯಾಗಿ ನಿಂತು ಒಣಗುವ ಸ್ಟ್ಯಾಂಡ್, ಅದರಿಂದಾಚೆಗೆ ಕೈಗೆಟಕುವಂತೆ ಕೌಂಟರ್. ತಟ್ಟೆ ಎಡದಿಂದ ಬಲಕ್ಕೆ ಹತ್ತು ಹನ್ನೆರಡು ಅಡಿ ಸರಿದರೆ ಸುತ್ತು ಮುಗಿಯಿತು. ಒಣಗಿಸುವ ಜಾಗಕ್ಕೆ ಜಿಪುಣತನ ಬೇಡ. ಬಟ್ಟೆಯಲ್ಲಿ ಒರೆಸಲು ಶುರುಮಾಡಿದರೆ ತೊಳೆದ ತಟ್ಟೆಗೆ ಆ ಬಟ್ಟೆಯ ಕೊಳೆಯೇ ಹತ್ತುತ್ತದೆ.

ಸಾಂಬಾರಿನ ದೊಡ್ಡ ಪಾತ್ರೆ, ಬಾಣಲೆಗಳು ಇಲ್ಲಿಗೆ ಬರಬಾರದು. ಅವುಗಳಿಗೆ ಒಲೆಗಳ ಹತ್ತಿರವೇ, ನೆಲಮಟ್ಟದಲ್ಲಿ ಬೇರೆ ತೊಟ್ಟಿ ಬೇಕು. ಒಂದು ಕೊಪ್ಪರಿಗೆ ಬಂದು ಕೂತರೆ ತಟ್ಟೆಯ ಸಾಲು ಅಲ್ಲಿಗೇ ನಿಲ್ಲುತ್ತದೆ.

ತಟ್ಟೆಗೆ ಎಡಮೂಲೆ ಕೊಟ್ಟ ಮೇಲೆ ಉಳಿದದ್ದಕ್ಕೆ ತಾನಾಗಿ ಜಾಗ ಸಿಗುತ್ತದೆ. ಸರಕು ಓಣಿಯಿಂದ ಹಿಂದಿನ ಎಡಮೂಲೆಗೆ ಬರುತ್ತದೆ. ಬಾಗಿಲಲ್ಲೇ ತೂಕದ ಯಂತ್ರ, ಪಕ್ಕದಲ್ಲೇ ಉಗ್ರಾಣ. ಮೂಟೆಗಳು ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಗೆ ತಾಗದಂತೆ ಹಲಗೆಯ ಮೇಲಿರಬೇಕು. ಆಲೂಗಡ್ಡೆ ಮೂಟೆಯ ಜೊತೆ ಮಣ್ಣೂ ಬರುವುದರಿಂದ, ತೊಳೆಯದೆ ಅದು ಹೆಚ್ಚುವ ಮೇಜನ್ನು ಮುಟ್ಟಬಾರದು. ಹಿಂದಿನ ಗೋಡೆಯುದ್ದಕ್ಕೂ ತರಕಾರಿ ತೊಟ್ಟಿ, ಹೆಚ್ಚುವ ಮೇಜು, ಹಿಟ್ಟಿನ ಗ್ರೈಂಡರ್. ಬಲಗೋಡೆಗೆ ಸಾಂಬಾರು, ಪಲ್ಯ, ಇಡ್ಲಿಯ ಒಲೆಗಳು. ಅಲ್ಲಿಂದ ಮುಂದಕ್ಕೆ ಕೌಂಟರಿಗೆ ಮುಖ ಮಾಡಿ ಕಾವಲಿ. ಚಟ್ನಿ ರುಬ್ಬುವ ಸಣ್ಣ ಗ್ರೈಂಡರನ್ನು ಹಿಟ್ಟಿನ ಗ್ರೈಂಡರಿನ ಪಕ್ಕ ಇಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ತೆಂಗಿನಕಾಯಿ ಚಟ್ನಿ ಬೇಗ ಹಳಸುತ್ತದೆ, ಬೆಳಗ್ಗೆಯೊಳಗೆ ನಾಲ್ಕಾರು ಸಲ ರುಬ್ಬಬೇಕಾಗುತ್ತದೆ. ಅದು ಕೌಂಟರಿನ ಬಳಿಯೇ ಇದ್ದರೆ ಸ್ವಲ್ಪಸ್ವಲ್ಪವೇ ರುಬ್ಬಿ ಕೊಡಬಹುದು, ಹಸಿ ತರಕಾರಿಯ ಮಣ್ಣುನೀರಿನಿಂದಲೂ ದೂರ. ಕಾಫಿಯವರಿಗೆ ಕೌಂಟರಿನ ತುದಿಯಲ್ಲಿ ಒಲೆಯೂ ಲೋಟ ತೊಳೆಯುವ ಪುಟ್ಟ ಸಿಂಕೂ ಇದ್ದರೆ ಸಾಕು.

ಇಷ್ಟಾದ ಮೇಲೆ ನೋಡಬೇಕಾದ್ದು ದಾರಿಯ ಅಗಲ. ಬೆನ್ನಿಗೆ ಬೆನ್ನು ಮಾಡಿ ಇಬ್ಬರು ಕೆಲಸ ಮಾಡುವ ಕಡೆ ನಾಲ್ಕು ಅಡಿ ಬಿಡಿ. ಇಪ್ಪತ್ತು ಲೀಟರ್ ದೋಸೆ ಹಿಟ್ಟಿನ ಪಾತ್ರೆ ಇಪ್ಪತ್ತು ಕೆಜಿಗೂ ಹೆಚ್ಚು ಭಾರ, ಅದನ್ನು ಗಾಲಿಯ ಮೇಲೆ ತಳ್ಳಿಕೊಂಡು ಬರಬೇಕು. ಹಾದಿಯಲ್ಲಿ ಒಂದಿಂಚು ಹೊಸ್ತಿಲು ಇದ್ದರೂ ಗಾಲಿ ಮೂಲೆಗೆ ಬೀಳುತ್ತದೆ, ಭಾರ ಹುಡುಗರ ಸೊಂಟಕ್ಕೆ ಬೀಳುತ್ತದೆ.

ಈ ನಕ್ಷೆಗೆ ಎದುರಾಗುವ ದೊಡ್ಡ ತಕರಾರು ಕೊಳಚೆ ನೀರಿನದು. ಹಳೆಯ ಕಟ್ಟಡಗಳಲ್ಲಿ ಒಳಚರಂಡಿ ಸಂಪರ್ಕ ಹಿಂದುಗಡೆ ಇರುತ್ತದೆ. ಮುಂದಿನ ಸಿಂಕಿನಿಂದ 24 ಅಡಿ ಪೈಪ್ ಎಳೆದರೆ ಮೂರು ನಾಲ್ಕು ಇಂಚು ಇಳಿಜಾರು ಬೇಕು. ಅದನ್ನು ಅಡುಗೆಮನೆಯೊಳಗೆ ತಂದರೆ ನೆಲ ಎತ್ತರಿಸಬೇಕಾಗುತ್ತದೆ, ಮತ್ತೆ ಹೊಸ್ತಿಲು ಹುಟ್ಟಿಕೊಳ್ಳುತ್ತದೆ. ಪೈಪನ್ನು ಓಣಿಯಲ್ಲಿ ಹಾಯಿಸಿ, ಜಿಡ್ಡು ತಡೆಯುವ ತೊಟ್ಟಿಯನ್ನೂ ಅಲ್ಲೇ ಕಟ್ಟಿದರೆ ಒಳಗಿನ ನೆಲ ಸಮವಾಗಿಯೇ ಉಳಿಯುತ್ತದೆ, ಜಿಡ್ಡು ತೆಗೆಯುವವರೂ ಒಳಗೆ ಬರಬೇಕಿಲ್ಲ.

ಓಣಿ ಒಂದೇ ಆದ್ದರಿಂದ ಸರಕೂ ಎಂಜಲಿನ ಡ್ರಮ್ಮೂ ಅಲ್ಲೇ ಓಡಾಡಬೇಕು. ಹೊತ್ತು ಬೇರೆ ಮಾಡಿ: ಸರಕು ಬೆಳಗ್ಗೆ ಆರರೊಳಗೆ ಬಂದುಬಿಡಲಿ, ಡ್ರಮ್ಮು ಹನ್ನೊಂದರ ಮೇಲೆ ಮತ್ತು ರಾತ್ರಿ ಮುಚ್ಚುವಾಗ ಹೋಗಲಿ. ಓಣಿಯೇ ಇಲ್ಲದೆ ಮುಂಬಾಗಿಲೊಂದೇ ಇರುವ ಮಳಿಗೆಯಲ್ಲೂ ಇದೇ ಉಪಾಯ, ಆದರೆ ಅಲ್ಲಿ ಹೊತ್ತು ತಪ್ಪಿ ತರಕಾರಿ ಆಟೋ ಬಂದರೆ ತೆಗೆದುಕೊಳ್ಳುವುದಿಲ್ಲ ಎನ್ನುವಷ್ಟು ಬಿಗಿ ಬೇಕು.

ಈಗಾಗಲೇ ನಡೆಯುತ್ತಿರುವ ಹೋಟೆಲಾದರೆ ಗೋಡೆ ಒಡೆಯುವ ಮುನ್ನ ಒಂದು ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ನಕ್ಷೆಯ ಹಾಳೆ ಹಿಡಿದು ಮೂಲೆಯಲ್ಲಿ ನಿಲ್ಲಿ. ಹಸಿ ಸಾಮಾನು ಹೋದ ದಾರಿಗೆ ಹಸಿರು, ಬೆಂದದ್ದಕ್ಕೆ ನೀಲಿ, ಎಂಜಲಿಗೆ ಕೆಂಪು ಗೆರೆ ಎಳೆಯುತ್ತಾ ಹೋಗಿ. ಕೆಂಪು ಗೆರೆ ನೀಲಿಯನ್ನು ದಾಟಿದ ಕಡೆಗಳಿಗೆ ಸುತ್ತು ಹಾಕಿ. ಎಷ್ಟೋ ಸಲ ಆ ಸುತ್ತುಗಳೆಲ್ಲ ಒಂದೇ ಜಾಗದಲ್ಲಿ ಬಿದ್ದಿರುತ್ತವೆ. ಆಗ ಒಂದು ಮೇಜು ಸರಿಸಿದರೆ ಅಥವಾ ಗೋಡೆಯಲ್ಲೊಂದು ಕಿಂಡಿ ತೆಗೆದರೆ ಕೆಲಸ ಮುಗಿಯುತ್ತದೆ. ಸುತ್ತುಗಳು ಅಡುಗೆಮನೆಯ ಉದ್ದಕ್ಕೂ ಹರಡಿದ್ದರೆ ಮಾತ್ರ ಸಿಂಕನ್ನೇ ಮುಂದಕ್ಕೆ ತರುವ ಖರ್ಚಿಗೆ ಕೈಹಾಕಿ.