ತಪ್ಪಿದ ಡೋಸ್ ಮತ್ತು ತಾಯಿ ಕಾರ್ಡ್: ನಿಂತಲ್ಲಿಂದಲೇ ಮುಂದುವರಿಕೆ



ಸುಗ್ಗಿ ಮುಗಿಯುತ್ತಲೇ ನಮ್ಮ ಹನುಮಸಾಗರ ಭಾಗದ ಅನೇಕ ಕುಟುಂಬಗಳು ದುಡಿಮೆಗಾಗಿ ಬೆಂಗಳೂರು, ಮಂಗಳೂರು, ಗೋವಾಗಳಿಗೆ ಗುಳೆ ಹೋಗುತ್ತವೆ. ಹಸುಗೂಸುಗಳೂ ಜೊತೆಗೆ ಹೋಗುತ್ತವೆ; ತಾಯಿ ಕಾರ್ಡ್ ಮಾತ್ರ ಊರಿನ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಮರಳಿ ಬಂದ ತಾಯಂದಿರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ನಡುವೆ ಒಂದು ಸೂಜಿ ತಪ್ಪೇತ್ರಿ, ಇನ್ನು ಮೊದಲಿಂದ ಹಾಕಿಸ್ಬೇಕೇನ್ರಿ?" ಹಾಗೆ ಮಾಡಬೇಕಿಲ್ಲ. ಅದೇಕೆ ಎಂಬುದನ್ನು ಕಾರ್ಡಿನ ಆಧಾರದಿಂದಲೇ ತಿಳಿಯೋಣ.

ಕಾರ್ಡಿನ ಲಸಿಕೆ ಪುಟವು ಮಗುವಿನ ವಯಸ್ಸಿನ ಕ್ರಮದಲ್ಲಿದೆ. ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ ಹಾಗೂ ಹೆಪಟೈಟಿಸ್ ಬಿ. ಅನಂತರ 6, 10 ಮತ್ತು 14ನೆಯ ವಾರಗಳ ಲಸಿಕೆಗಳು. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾದ ಮೊದಲ ಡೋಸ್. 16ರಿಂದ 24 ತಿಂಗಳೊಳಗೆ ಅದರ ಎರಡನೆಯ ಡೋಸ್ ಹಾಗೂ ಡಿಪಿಟಿ ಬೂಸ್ಟರ್. ಇಲ್ಲಿ ಒಂದು ಸೂಕ್ಷ್ಮವಿದೆ. ಮುಂದೆ ಬರಬೇಕಾದ ದಿನಾಂಕವನ್ನೂ ಸಿಬ್ಬಂದಿ ಬಹುತೇಕ ಪೆನ್ಸಿಲಿನಿಂದ ಕಾರ್ಡಿನಲ್ಲಿ ಗುರುತಿಸಿರುತ್ತಾರೆ. ದಿನಾಂಕವಿದೆ ಎಂದ ಮಾತ್ರಕ್ಕೆ ಲಸಿಕೆ ಆಗಿದೆ ಎಂದು ತಿಳಿಯಬಾರದು. ಅದು ಬರಬೇಕಾದ ದಿನವೋ, ಹಾಕಿದ ದಿನವೋ ಎಂಬುದನ್ನು ನರ್ಸಮ್ಮನವರನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮಗು 2024ರ ಸೆಪ್ಟೆಂಬರ್ 2ರಂದು ಜನಿಸಿತು. 6 ವಾರದ ಲಸಿಕೆಗಳೆಲ್ಲ ಅಕ್ಟೋಬರ್ 17ರಂದು ಆದವು. ನವೆಂಬರ್ ಆರಂಭದಲ್ಲಿ ಕುಟುಂಬ ಬೆಂಗಳೂರಿಗೆ ಹೋಯಿತು. 10 ಮತ್ತು 14 ವಾರದ ಸರದಿಗಳೆರಡೂ ತಪ್ಪಿದವು. ಯುಗಾದಿಗೆ ಊರಿಗೆ ಬಂದು ಏಪ್ರಿಲ್ 3ರಂದು ಲಸಿಕೆಗೆ ಹೋದಾಗ ಮಗುವಿಗೆ ಏಳು ತಿಂಗಳು.

ಅಂದು ಪೆಂಟಾವೇಲೆಂಟ್ ಲಸಿಕೆಯ ಎರಡನೆಯ ಡೋಸ್ ಹಾಕಲಾಗುತ್ತದೆಯೇ ಹೊರತು ಮತ್ತೆ ಮೊದಲನೆಯದಲ್ಲ. ಮೊದಲ ಡೋಸಿನಿಂದ ರೋಗವನ್ನು ಗುರುತಿಸಲು ಕಲಿತ ದೇಹವು ತಡವಾದ ಮಾತ್ರಕ್ಕೆ ಅದನ್ನು ಮರೆಯುವುದಿಲ್ಲ. ಆದರೆ ಎರಡು ಮತ್ತು ಮೂರನೆಯ ಡೋಸುಗಳ ನಡುವೆ ಕನಿಷ್ಠ 4 ವಾರ ಇರಲೇಬೇಕು; ತಪ್ಪಿದ್ದೆರಡನ್ನೂ ಒಂದೇ ದಿನ ಕೊಡುವಂತಿಲ್ಲ. ಆದ್ದರಿಂದ ಮೂರನೆಯದು ಮೇ 1 ಅಥವಾ ಅದರ ನಂತರದ ಲಸಿಕೆ ದಿನದಂದು. ಬೇರೆ ಬೇರೆ ರೋಗಗಳ ಲಸಿಕೆಗಳನ್ನು ಒಂದೇ ದಿನ ಹಾಕಿಸಲು ಅಡ್ಡಿಯಿಲ್ಲ. ಹೀಗೆ ನಡೆದರೆ ಜೂನ್ ಮೊದಲ ವಾರದಲ್ಲಿ, 9 ತಿಂಗಳು ತುಂಬಿದಾಗ, ದಡಾರ ಲಸಿಕೆಗೆ ಮಗು ಸಕಾಲಕ್ಕೆ ತಲುಪುತ್ತದೆ.

ಹಾಗಾದರೆ ತಡದಿಂದ ಆದ ನಷ್ಟವೇನು? ನವೆಂಬರಿನಿಂದ ಏಪ್ರಿಲ್‌ವರೆಗೆ ಮಗುವಿಗಿದ್ದುದು ಒಂದೇ ಡೋಸಿನ ಅರೆ ರಕ್ಷಣೆ. ನಾಯಿಕೆಮ್ಮು ಅತ್ಯಂತ ಅಪಾಯಕಾರಿಯಾಗುವುದು ಬದುಕಿನ ಮೊದಲ ತಿಂಗಳುಗಳಲ್ಲಿಯೇ. ಬಾಕಿ ಡೋಸುಗಳನ್ನು ಆಮೇಲೆ ಪೂರೈಸಬಹುದು. ರಕ್ಷಣೆಯಿಲ್ಲದೆ ಕಳೆದ ದಿನಗಳನ್ನು ಮರಳಿ ತರಲಾಗದು.

ಕೆಲವು ಲಸಿಕೆಗಳಿಗೆ ಮಾತ್ರ ವಯಸ್ಸಿನ ಮಿತಿಯಿದೆ. ಹೆಪಟೈಟಿಸ್ ಬಿ ಜನನದ ಡೋಸ್ 24 ಗಂಟೆಯೊಳಗೆ, ಹುಟ್ಟಿದಾಗಿನ ಪೋಲಿಯೊ ಹನಿ 15 ದಿನದೊಳಗೆ, ಬಿಸಿಜಿ ಒಂದು ವರ್ಷದೊಳಗೆ ಆಗಬೇಕು. ಪೆಂಟಾವೇಲೆಂಟ್ ಮತ್ತು ರೋಟಾ ಲಸಿಕೆಗಳ ಮೊದಲ ಡೋಸ್ ಒಂದು ವರ್ಷದೊಳಗೆ ಬಿದ್ದಿದ್ದರೆ ಉಳಿದವನ್ನು ವರ್ಷ ದಾಟಿದ ಮೇಲೂ ಪೂರೈಸುತ್ತಾರೆ. ಪೆಂಟಾವೇಲೆಂಟ್ ಒಂದೂ ಬೀಳದೆ ವರ್ಷ ದಾಟಿದ ಮಗುವಿಗೆ ಅದರ ಬದಲು ಡಿಪಿಟಿಯನ್ನು 7 ವರ್ಷದವರೆಗೆ ಕೊಡಬಹುದು. ದಡಾರ-ರುಬೆಲ್ಲಾ ಲಸಿಕೆಗೆ 5 ವರ್ಷದವರೆಗೆ ಅವಕಾಶವಿದೆ. 'ವಯಸ್ಸು ಮೀರಿತು' ಎಂದು ಮನೆಯಲ್ಲಿಯೇ ತೀರ್ಮಾನಿಸದಿರಿ.

ಡೋಸ್ ತಪ್ಪಲು ಮೂರು ತಪ್ಪು ತಿಳಿವಳಿಕೆಗಳೂ ಕಾರಣ. ಪಲ್ಸ್ ಪೋಲಿಯೊ ದಿನದ ಹನಿ ಹೆಚ್ಚುವರಿಯಾದುದು. ಅದು ಕಾರ್ಡಿನಲ್ಲಿರುವ ಪೋಲಿಯೊ ಡೋಸಿಗೆ ಬದಲಲ್ಲ. ಸಣ್ಣ ನೆಗಡಿ, ಮೈ ಸ್ವಲ್ಪ ಬೆಚ್ಚಗಿರುವುದು ಲಸಿಕೆ ಮುಂದೂಡಲು ಕಾರಣವಲ್ಲ. ಹಿಂದಿನ ಬಾರಿ ಜ್ವರ ಬಂದಿತ್ತೆಂದು ಮುಂದಿನದನ್ನು ಬಿಡುವುದೂ ಸಲ್ಲದು; ಒಂದೆರಡು ದಿನದ ಜ್ವರ, ಸೂಜಿ ಚುಚ್ಚಿದಲ್ಲಿ ಬಾವು ಸಹಜ. ಆದರೆ ಹಿಂದಿನ ಡೋಸಿನ ನಂತರ ಉಸಿರಾಟದ ತೊಂದರೆ, ಮೈಯೆಲ್ಲ ದದ್ದು ಅಥವಾ ಫಿಟ್ಸ್ ಬಂದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಗುಳೆ ಹೋಗುವವರು ಕಾರ್ಡನ್ನು ಜೊತೆಗೇ ಒಯ್ಯಬೇಕು, ಲಸಿಕೆ ಪುಟದ ಫೋಟೊ ಮೊಬೈಲಿನಲ್ಲಿರಲಿ. ಹೋದ ಊರಿನ ಸರ್ಕಾರಿ ಆರೋಗ್ಯ ಕೇಂದ್ರ ಅಥವಾ ಅಂಗನವಾಡಿಯಲ್ಲಿಯೂ ಈ ಲಸಿಕೆಗಳು ಉಚಿತ. ಕಾರ್ಡ್ ಕಳೆದಿದ್ದರೆ ಮೊದಲು ಲಸಿಕೆ ಹಾಕಿಸಿದ ಕೇಂದ್ರದ ದಾಖಲೆಯಲ್ಲಿ, ನೋಂದಾಯಿಸಿದ್ದರೆ ಯು-ವಿನ್‌ನಲ್ಲಿ, ವಿವರ ಸಿಗುತ್ತದೆ. ಇಂದು ಸಂಜೆಯೇ ಪೆಟ್ಟಿಗೆಯಿಂದ ಕಾರ್ಡ್ ತೆಗೆದು ನೋಡಿ. ಖಾಲಿ ಮನೆ ಕಂಡರೆ ಮುಂದಿನ ಲಸಿಕೆ ದಿನ ಯಾವುದೆಂದು ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ, ಮಗುವನ್ನು ಕರೆದೊಯ್ಯಿರಿ.