ಜೊಳ್ಳು ಭತ್ತದ ಮಡಿಲಲ್ಲಿ ಹೈಬ್ರಿಡ್ ಬೀಜ

ಹೈಬ್ರಿಡ್ ಭತ್ತದ ಬೀಜ ಬೆಳೆಯುವ ಗದ್ದೆಯನ್ನು ಗುರುತಿಸುವುದು ಸುಲಭ. ಎರಡು ಸಾಲು ಎತ್ತರದ ಭತ್ತ, ಪಕ್ಕದಲ್ಲಿ ಎಂಟು ಸಾಲು ಗಿಡ್ಡ ಭತ್ತ, ಮತ್ತೆ ಎರಡು ಎತ್ತರ, ಮತ್ತೆ ಎಂಟು ಗಿಡ್ಡ. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿಗೆ ಎತ್ತರದ ಸಾಲುಗಳಲ್ಲಿ ಹೂ ಬಿರಿದಾಗ ಇಬ್ಬರು ಕೂಲಿಯಾಳುಗಳು ಬದುವಿನ ಆಚೆ ಈಚೆ ನಿಂತು, ಉದ್ದನೆಯ ನೈಲಾನ್ ಹಗ್ಗದ ಎರಡು ತುದಿ ಹಿಡಿದು ತೆನೆಗಳಿಗೆ ತಾಕುವಂತೆ ಎಳೆಯುತ್ತಾ ನಡೆಯುತ್ತಾರೆ. ಹಗ್ಗ ತಾಕಿದ ಕಡೆಯಲ್ಲೆಲ್ಲ ತಿಳಿಹಳದಿ ಧೂಳು ಏಳುತ್ತದೆ. ಅದು ಪರಾಗ. ಗಿಡ್ಡ ಸಾಲುಗಳಲ್ಲಿ ಕಾಳು ಕಟ್ಟುವುದೂ ಬಿಡುವುದೂ ಆ ಧೂಳಿನ ಮೇಲೆ ನಿಂತಿದೆ. ಅದು ಬೀಳದಿದ್ದರೆ ಎಂಟೂ ಸಾಲು ಜೊಳ್ಳು.

ಭತ್ತ ಸ್ವಭಾವತಃ ತನ್ನನ್ನು ತಾನೇ ಫಲಗೊಳಿಸಿಕೊಳ್ಳುವ ಬೆಳೆ. ಒಂದೊಂದು ಹೂವಿನಲ್ಲೂ ಆರು ಕೇಸರಗಳಿವೆ. ಹೂ ಬಾಯಿ ಬಿಡುವ ಹೊತ್ತಿಗೆ ಅವು ಒಡೆದು, ಅದೇ ಹೂವಿನ ಶಲಾಕಾಗ್ರದ ಮೇಲೆ ಪರಾಗ ಸುರಿದು, ಗಂಟೆಯೊಳಗೆ ಹೂ ಮುಚ್ಚಿಕೊಳ್ಳುತ್ತದೆ. ಹೊರಗಿನ ಪರಾಗಕ್ಕೆ ಅಲ್ಲಿ ಎಡೆಯೇ ಇಲ್ಲ. ಎರಡು ತಳಿ ಬೆರೆಸಬೇಕೆಂದರೆ ತಾಯಿ ಗಿಡದ ಹೂಗಳಿಂದ ಕೇಸರಗಳನ್ನು ಮೊದಲೇ ಕಿತ್ತುಹಾಕಬೇಕು. ಹತ್ತಿಯಲ್ಲಿ ಇದನ್ನು ಕೈಯಲ್ಲೇ ಮಾಡುತ್ತಾರೆ. ಅಲ್ಲಿ ಹೂ ದೊಡ್ಡದು, ಒಂದು ಕಾಯಿಯಲ್ಲಿ ಹಲವಾರು ಬೀಜ ಸಿಗುತ್ತವೆ. ಭತ್ತದಲ್ಲಿ ಒಂದು ಹೂವಿಗೆ ಒಂದೇ ಕಾಳು. ಎಕರೆಗೆ ಆರು ಕಿಲೋ ಬಿತ್ತನೆ ಬೀಜಕ್ಕಾಗಿ ಇಕ್ಕಳ ಹಿಡಿದು ಕುಳಿತರೆ ಮುಗಿಯುವ ಕೆಲಸವಲ್ಲ. ತಾನಾಗಿಯೇ ಪರಾಗ ಹುಟ್ಟಿಸದ ಭತ್ತ ಬೇಕಿತ್ತು.

ಅಂಥ ಗಿಡ ಸಿಕ್ಕಿದ್ದು 1970ರ ನವೆಂಬರ್‌ನಲ್ಲಿ, ಚೀನಾದ ದಕ್ಷಿಣ ತುದಿಯ ಹೈನಾನ್ ದ್ವೀಪದಲ್ಲಿ. ಅಲ್ಲಿನ ತಳಿವಿಜ್ಞಾನಿ ಯುವಾನ್ ಲಾಂಗ್‌ಪಿಂಗ್ 1964ರಿಂದಲೇ ಗಂಡುಬಂಜೆ ಭತ್ತಕ್ಕಾಗಿ ಹುಡುಕುತ್ತಿದ್ದರು. ಬೆಳೆಯುವ ಭತ್ತದಲ್ಲಿ ಕೆಲವು ಬಂಜೆ ಗಿಡಗಳು ಸಿಕ್ಕಿದ್ದವಾದರೂ ಆ ಬಂಜೆತನವನ್ನು ಪೀಳಿಗೆಯಿಂದ ಪೀಳಿಗೆಗೆ ಉಳಿಸಿಕೊಳ್ಳಲು ಆಗಿರಲಿಲ್ಲ. ಕೊನೆಗೆ ಅವರ ಸಹಾಯಕ ಲಿ ಬಿಹು ಮತ್ತು ಅಲ್ಲಿನ ಕೃಷಿಕ್ಷೇತ್ರದ ಫೆಂಗ್ ಕೆಶಾನ್ ಜವುಗಿನಲ್ಲಿ ಬೆಳೆದಿದ್ದ ಕಾಡುಭತ್ತದ ನಡುವೆ ಒಂದು ಗಿಡ ಕಂಡರು. ಅದರ ಕೇಸರಗಳು ಸಣಕಲಾಗಿದ್ದವು, ಪೇಲವವಾಗಿದ್ದವು, ಒಡೆಯುತ್ತಲೂ ಇರಲಿಲ್ಲ. ಇಂದು ಜಗತ್ತಿನ ಹೈಬ್ರಿಡ್ ಭತ್ತದಲ್ಲಿ ಬಹುಪಾಲಿಗೆ ತಾಯಿಮೂಲ ಆ ಗಿಡವೇ. ಮಂಡ್ಯದ ವಿ.ಸಿ. ಫಾರಂನಿಂದ 1996ರಲ್ಲಿ ಹೊರಬಂದ ಕೆಆರ್‌ಎಚ್-2 ತಳಿಯ ತಾಯಿ ಐಆರ್ 58025ಎ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ ಬಂದ ಈ ತಳಿಯ ಜೀವಕೋಶಗಳಲ್ಲಿರುವುದೂ ಹೈನಾನ್‌ನ ಅದೇ ಕೋಶದ್ರವ್ಯ.

ದೋಷ ಇರುವುದು ಕೋಶಕೇಂದ್ರದ ವರ್ಣತಂತುಗಳಲ್ಲಿ ಅಲ್ಲ, ಕೋಶದ್ರವ್ಯದ ಮೈಟೊಕಾಂಡ್ರಿಯಾದಲ್ಲಿ. ಕೋಶಕ್ಕೆ ಶಕ್ತಿ ಒದಗಿಸುವ ಈ ಕಣಗಳಿಗೆ ತಮ್ಮದೇ ಡಿಎನ್‌ಎ ಇದೆ, ಮತ್ತು ಭತ್ತದಲ್ಲಿ ಅವು ತಾಯಿಯ ಅಂಡಾಣುವಿನ ಮೂಲಕವೇ ಮುಂದಿನ ಪೀಳಿಗೆಗೆ ಹೋಗುತ್ತವೆ. ಹೈನಾನ್ ಗಿಡದ ಮೈಟೊಕಾಂಡ್ರಿಯಾದಲ್ಲಿ ಬೇರೆ ಬೇರೆ ಜೀನುಗಳ ತುಂಡುಗಳು ಕೂಡಿ ಹುಟ್ಟಿದ ಹೊಸ ಜೀನೊಂದಿದೆ. ಅದು ತಯಾರಿಸುವ ಪ್ರೋಟೀನಿನ ಕೆಲಸವನ್ನು 2013ರಲ್ಲಿ ಚೀನಾದ ವಿಜ್ಞಾನಿಗಳು ಬಿಡಿಸಿಟ್ಟರು. ಪರಾಗಚೀಲದ ಒಳಮೈಯಲ್ಲಿ ಎಳೆ ಪರಾಗಕ್ಕೆ ಆಹಾರ ಉಣಿಸುವ ಒಂದು ಪದರವಿದೆ. ಈ ಪ್ರೋಟೀನು ಆ ಪದರದ ಕೋಶಗಳಲ್ಲಿ ಇನ್ನೊಂದು ಅಗತ್ಯ ಪ್ರೋಟೀನನ್ನು ಹಿಡಿದುಕೊಂಡುಬಿಡುತ್ತದೆ. ಪದರ ಕಾಲಕ್ಕೆ ಮೊದಲೇ ಸಾಯುತ್ತದೆ. ಉಣಿಸುವವರಿಲ್ಲದೆ ಪರಾಗ ಮುರುಟುತ್ತದೆ. ಹೂವಿನ ಬೇರೆ ಯಾವ ಅಂಗಕ್ಕೂ ತೊಂದರೆಯಿಲ್ಲ. ಅಂಡಾಶಯ ಗಟ್ಟಿಮುಟ್ಟಾಗಿದೆ, ಹೊರಗಿನ ಪರಾಗ ಬಿದ್ದರೆ ಕಾಳು ಕಟ್ಟಲು ಸಿದ್ಧವಾಗಿದೆ.

ಸ್ವಂತ ಪರಾಗವಿಲ್ಲದ ಈ ‘ಎ’ ಸಾಲನ್ನು ಬೆಳೆಸಿ ಉಳಿಸಿಕೊಳ್ಳಲು ಅದರ ಅವಳಿಯಂಥ ‘ಬಿ’ ಸಾಲು ಬೇಕು. ಎರಡರ ವರ್ಣತಂತುಗಳೂ ಒಂದೇ, ಕೋಶದ್ರವ್ಯ ಮಾತ್ರ ಬೇರೆ. ಬಿ ಸಾಲಿನದು ಆರೋಗ್ಯವಂತ ಕೋಶದ್ರವ್ಯವಾದ್ದರಿಂದ ಅದರಲ್ಲಿ ಪರಾಗ ತುಂಬಿರುತ್ತದೆ. ಆ ಪರಾಗ ಎ ಸಾಲಿಗೆ ಬಿದ್ದರೆ ಹುಟ್ಟುವುದು ಮತ್ತೆ ಎ ಸಾಲೇ, ಮತ್ತೆ ಗಂಡುಬಂಜೆಯೇ. ಹೈಬ್ರಿಡ್ ಬೀಜಕ್ಕೆ ಬೇಕಾಗುವ ತಂದೆ ಇನ್ನೊಂದು, ‘ಆರ್’ ಸಾಲು. ಕೆಆರ್‌ಎಚ್-2ರಲ್ಲಿ ಅದು ಕೆಎಂಆರ್-3.

ಆರ್ ಸಾಲು ಇಲ್ಲದಿದ್ದರೆ ಈ ಏರ್ಪಾಟಿಗೆ ಅರ್ಥವೇ ಇರುತ್ತಿರಲಿಲ್ಲ ಎನ್ನಬೇಕು. ಯೋಚಿಸಿ ನೋಡಿ: ಹೈಬ್ರಿಡ್ ಬೀಜ ಹುಟ್ಟುವುದು ಎ ಸಾಲಿನ ಹೊಟ್ಟೆಯಲ್ಲಿ, ಹಾಗಾಗಿ ದೋಷವುಳ್ಳ ಕೋಶದ್ರವ್ಯ ಅದಕ್ಕೂ ಬಂದೇ ಬರುತ್ತದೆ. ಆ ಬೀಜ ಕೊಂಡು ನಾಟಿ ಮಾಡಿದ ರೈತನ ಗದ್ದೆಯಲ್ಲಿ ಕಾಳು ಕಟ್ಟುವುದು ಹೇಗೆ? ಈರುಳ್ಳಿಯಲ್ಲಾದರೆ ಈ ಚಿಂತೆಯಿಲ್ಲ. ಅಲ್ಲಿ ಬೇಕಾದದ್ದು ಗಡ್ಡೆ. ಭತ್ತದಲ್ಲಿ ಬೇಕಾದದ್ದೇ ಕಾಳು. ಆರ್ ಸಾಲಿನ ವರ್ಣತಂತುಗಳಲ್ಲಿ ಬಂಜೆತನವನ್ನು ತಡೆದು ಫಲವಂತಿಕೆ ಮರಳಿಸುವ ಜೀನುಗಳಿವೆ. ಮುಖ್ಯವಾದವು ಎರಡು, ಒಂದು ಒಂದನೆಯ ವರ್ಣತಂತುವಿನಲ್ಲಿ, ಇನ್ನೊಂದು ಹತ್ತನೆಯದರಲ್ಲಿ. ಹತ್ತನೆಯದರಲ್ಲಿರುವ ಜೀನು ಮೈಟೊಕಾಂಡ್ರಿಯಾದ ಆ ಕೆಟ್ಟ ಜೀನಿನಿಂದ ಹೊರಡುವ ಸಂದೇಶವನ್ನೇ ತಗ್ಗಿಸಿಬಿಡುತ್ತದೆ. ದೋಷ ಅಳಿಯುವುದಿಲ್ಲ, ಅದರ ಬಾಯಿ ಕಟ್ಟುತ್ತದೆ ಅಷ್ಟೆ.

ಯಾವ ತಳಿಯಲ್ಲಿ ಈ ಜೀನುಗಳಿವೆ ಎಂದು ತಿಳಿಯುವ ಹಳೆಯ ವಿಧಾನ ಇಂದಿಗೂ ನಡೆಯುತ್ತಿದೆ. ಬೇಕಾದ ತಳಿಯ ಪರಾಗವನ್ನು ಎ ಸಾಲಿಗೆ ಹಾಕಿ, ಹುಟ್ಟಿದ ಗಿಡಗಳ ಕೇಸರವನ್ನು ಗಾಜಿನ ಮೇಲೆ ಹಿಂಡಿ, ಒಂದು ಹನಿ ಅಯೋಡಿನ್ ದ್ರಾವಣ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪಿಷ್ಟ ತುಂಬಿದ ಪರಾಗ ದುಂಡಗೆ, ಕಡುನೀಲಿಯಿಂದ ಕಪ್ಪಾಗಿ ಕಾಣುತ್ತದೆ. ಬಂಜೆ ಪರಾಗ ಸೊಟ್ಟಗೆ, ಬಣ್ಣ ಹಿಡಿಯದೆ ಹಳದಿಯಾಗಿಯೇ ಉಳಿಯುತ್ತದೆ. ಕಣ್ಣಿಗೆ ಬಿದ್ದದ್ದೆಲ್ಲ ಕಪ್ಪಾದರೆ ಆ ತಳಿ ಆರ್ ಸಾಲಿಗೆ ಅರ್ಹ. ಎಲ್ಲವೂ ಹಳದಿಯಾದರೆ ಅದನ್ನು ಬಿ ಸಾಲಾಗಿ ಬಳಸಬಹುದು. ಅರ್ಧಂಬರ್ಧ ಬಂದ ತಳಿ ಎರಡಕ್ಕೂ ಬೇಡ. ಚೀನೀಯರಿಗೆ 1973ರ ಸುಮಾರಿಗೆ ಸಿಕ್ಕ ಆರ್ ಸಾಲುಗಳಲ್ಲಿ ಫಿಲಿಪ್ಪೀನ್ಸ್‌ನ ಐಆರ್ 24 ಮುಖ್ಯವಾದದ್ದು. ಬಿಸಿನಾಡಿನ ಇಂಡಿಕಾ ಭತ್ತಗಳಲ್ಲಿ ಈ ಜೀನು ಧಾರಾಳವಾಗಿದೆ. ಚಳಿನಾಡಿನ ಜಪೋನಿಕಾಗಳಲ್ಲಿ ತೀರ ಅಪರೂಪ.

ಇಷ್ಟು ಪ್ರಯೋಗಾಲಯದ ಪಾಲು. ಉಳಿದದ್ದು ಗದ್ದೆಯದು, ನನಗೆ ಹೆಚ್ಚು ಕಷ್ಟದ್ದು ಅನಿಸುವುದೂ ಅದೇ. ಭತ್ತದ ಪರಾಗ ಗಾಳಿಗೆ ಬಿದ್ದ ಮೇಲೆ ಬದುಕುವುದು ಐದಾರು ನಿಮಿಷ. ಎ ಸಾಲಿನ ಶಲಾಕಾಗ್ರ ಕೆಲವು ದಿನ ಕಾಯುತ್ತದೆ. ಆದರೂ ಎರಡು ಸಾಲುಗಳು ಒಂದೇ ವಾರದಲ್ಲಿ ಹೂ ಬಿಡದಿದ್ದರೆ ಬೆಳೆ ಹೋದಂತೆಯೇ. ಎ ಸಾಲು 90 ದಿನಕ್ಕೆ, ಆರ್ ಸಾಲು 100 ದಿನಕ್ಕೆ ಹೂವಾಗುತ್ತದೆ ಎಂದಿಟ್ಟುಕೊಳ್ಳಿ. ಆಗ ಎ ಬೀಜವನ್ನು ಸಸಿಮಡಿಗೆ ಚೆಲ್ಲುವುದಕ್ಕೆ ಹತ್ತು ದಿನ ಮೊದಲು ಆರ್ ಬೀಜ ಚೆಲ್ಲಬೇಕು. ಒಂದೇ ದಿನ ಚೆಲ್ಲಿದರೂ ಸಾಲದು. 14, 10 ಮತ್ತು 6 ದಿನ ಮೊದಲು, ಹೀಗೆ ಮೂರು ಕಂತಿನಲ್ಲಿ ಚೆಲ್ಲಿ, ಮೂರೂ ವಯಸ್ಸಿನ ಪೈರನ್ನು ಒಂದೇ ಸಾಲಿನಲ್ಲಿ ಬೆರೆಸಿ ನೆಟ್ಟರೆ ಪರಾಗ ಹೆಚ್ಚು ದಿನ ಸಿಗುತ್ತದೆ.

ಚಳಿ ಹೆಚ್ಚಾದರೂ ಮೋಡ ಮುಚ್ಚಿದರೂ ಈ ಲೆಕ್ಕ ತಪ್ಪುತ್ತದೆ. ತಪ್ಪಿದ್ದು ತೆನೆ ಬರುವ ತಿಂಗಳ ಮೊದಲೇ ಗೊತ್ತಾಗುವಂತಿದೆ. ಗಿಡದ ದೊಡ್ಡ ತೆಂಡೆಯೊಂದನ್ನು ಬುಡಸಮೇತ ಕಿತ್ತು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ, ಕೊನೆಯ ಗೆಣ್ಣಿನ ಮೇಲೆ ಬಿಳಿ ರೋಮದ ತುಪ್ಪಳದಂತೆ ಎಳೆತೆನೆ ಕಾಣುತ್ತದೆ. ಮೂರು ದಿನಕ್ಕೊಮ್ಮೆ ಎರಡೂ ಸಾಲುಗಳಲ್ಲಿ ಹೀಗೆ ಸೀಳಿ ಹೋಲಿಸುತ್ತಾರೆ. ಆರ್ ಸಾಲು ಮುಂದೆ ಓಡಿದ್ದರೆ ಅದಕ್ಕೆ ಯೂರಿಯಾ ಕೊಟ್ಟು ತಡೆಯಬೇಕು. ಹಿಂದುಳಿದ ಸಾಲಿಗೆ ರಂಜಕದ ದ್ರಾವಣ ಸಿಂಪಡಿಸಬೇಕು. ನೀರು ಬಸಿದರೂ ಆರ್ ಸಾಲು ಸ್ವಲ್ಪ ತಡವಾಗುತ್ತದೆ. ಈ ಉಪಾಯಗಳಿಂದ ಗೆಲ್ಲಬಹುದಾದದ್ದು ಕೆಲವೇ ದಿನ. ಅಂತರ ಹತ್ತು ದಿನದ್ದಾದರೆ ಯಾವುದೂ ನಡೆಯದು.

ಹೈನಾನ್ ಕೋಶದ್ರವ್ಯದ ಜೊತೆ ಇನ್ನೊಂದು ಕಾಟವೂ ಬಂದಿದೆ. ಎ ಸಾಲಿನ ತೆನೆ ಹೊಡೆಯಿಂದ ಪೂರ್ತಿ ಹೊರಬರುವುದಿಲ್ಲ. ಕೆಳಭಾಗದ ಹೂಗಳು ಎಲೆಯ ಒರೆಯೊಳಗೇ ಸಿಕ್ಕಿಕೊಂಡು ಪರಾಗ ಕಾಣದೆ ಜೊಳ್ಳಾಗುತ್ತವೆ. ಅದಕ್ಕಾಗಿ ನೂರರಲ್ಲಿ ಐದರಿಂದ ಹತ್ತು ತೆನೆ ಇಣುಕಿದ ಕೂಡಲೇ ಜಿಬ್ಬರೆಲಿಕ್ ಆಮ್ಲ ಸಿಂಪಡಿಸುತ್ತಾರೆ, ಮರುದಿನ ಇನ್ನೊಮ್ಮೆ. ಎಕರೆಗೆ ಸುಮಾರು 20 ಗ್ರಾಂ ಸಾಕು. ಆದರೆ ಅದು ನೀರಿನಲ್ಲಿ ಕರಗದ ಪುಡಿ, ಮೊದಲು ಮದ್ಯಸಾರದಲ್ಲಿ ಕದಡಿಕೊಳ್ಳಬೇಕು. ಎರಡು ಮೂರು ದಿನದಲ್ಲಿ ತೆನೆಯ ಕತ್ತು ಉದ್ದವಾಗಿ ಹೊರಗೆ ಬರುತ್ತದೆ. ಆಮೇಲೆ ಹಗ್ಗದ ಸರದಿ. ಅರ್ಧ ಗಂಟೆಗೊಮ್ಮೆಯಂತೆ ಬೆಳಗಿಗೆ ಮೂರು ನಾಲ್ಕು ಸಲ, ವಾರದಿಂದ ಹತ್ತು ದಿನ. ಆ ಹೊತ್ತಿಗೆ ಮಳೆ ಬಿದ್ದರೆ ಅಂದಿನ ಪರಾಗ ಕೈಬಿಟ್ಟಂತೆ. ನಮ್ಮ ದೇಶದ ಹೈಬ್ರಿಡ್ ಭತ್ತದ ಬೀಜದಲ್ಲಿ ದೊಡ್ಡ ಪಾಲು ತೆಲಂಗಾಣದ ಕರೀಂನಗರ, ವಾರಂಗಲ್ ಸೀಮೆಯಲ್ಲಿ ಹಿಂಗಾರು-ಬೇಸಿಗೆಯ ಒಣ ಹವೆಯಲ್ಲಿ ಬೆಳೆಯುವುದಕ್ಕೆ ಇದೂ ಒಂದು ಕಾರಣ.

ಬೀಜ ಕೆಡುವುದು ಹೆಚ್ಚಾಗಿ ಎ ಸಾಲಿನೊಳಗೆ ಸೇರಿಕೊಂಡ ಬಿ ಗಿಡಗಳಿಂದ. ಹಿಂದಿನ ಹಂಗಾಮಿನ ಒಕ್ಕಣೆಯಲ್ಲಿ ನಾಲ್ಕು ಕಾಳು ಬೆರೆತಿದ್ದರೂ ಸಾಕು. ಬಣ್ಣ, ಎತ್ತರ, ಎಲೆ ಎಲ್ಲ ಒಂದೇ ಆದ್ದರಿಂದ ಹೂವಾಗುವ ತನಕ ಗುರುತು ಸಿಗುವುದಿಲ್ಲ. ಹೂವಿನ ಹೊತ್ತಿಗೆ ಸುಳಿವು ಸಿಗುತ್ತದೆ: ಬಿ ಗಿಡ ಎರಡು ಮೂರು ದಿನ ಮೊದಲೇ ತೆನೆ ಹಾಕುತ್ತದೆ, ತೆನೆ ಪೂರ್ತಿ ಹೊರಗಿರುತ್ತದೆ, ಕೇಸರ ಉಬ್ಬಿ ಹಳದಿಯಾಗಿರುತ್ತದೆ. ಎ ಗಿಡದ ಕೇಸರ ಬಿಳಿಚಿಕೊಂಡು ಮುದುಡಿರುತ್ತದೆ. ಬೆಳಿಗ್ಗೆ ಹೂ ಬಿರಿಯುವ ಮೊದಲೇ ಸಾಲಿಗೆ ಇಳಿದು, ಕಂಡ ಬಿ ಗಿಡವನ್ನು ಬೇರುಸಮೇತ ಕಿತ್ತು ಹೊರಹಾಕಬೇಕು. ಒಂದು ದಿನ ತಡಮಾಡಿದರೂ ಅದರ ಪರಾಗ ಸುತ್ತಲಿನ ಎ ತೆನೆಗಳಿಗೆ ಬಿದ್ದು ಅಲ್ಲೆಲ್ಲ ಹೈಬ್ರಿಡ್ ಬದಲು ಎ ಬೀಜ ಕಟ್ಟುತ್ತದೆ. ಅಂಥ ಬೀಜ ಮಾರಾಟವಾದರೆ ಕೊಂಡ ರೈತನ ಗದ್ದೆಯಲ್ಲಿ ನಡುನಡುವೆ ಬಾಗದೆ ನೆಟ್ಟಗೆ ನಿಂತ ಜೊಳ್ಳು ತೆನೆಗಳು ಕಾಣುತ್ತವೆ. ಪ್ರಮಾಣಿತ ಹೈಬ್ರಿಡ್ ಭತ್ತದ ಬೀಜದ ತಳಿಶುದ್ಧತೆ ಕನಿಷ್ಠ ಶೇ 95 ಇರಬೇಕೆಂಬ ನಿಯಮವಿದೆ. ಅದನ್ನು ಖಚಿತಪಡಿಸಿಕೊಳ್ಳಲು ಮಾದರಿ ಬೀಜವನ್ನು ಬಿತ್ತಿ ಬೆಳೆಸಿ ನೋಡುವುದಾದರೆ ಒಂದು ಹಂಗಾಮು ಕಳೆದುಹೋಗುತ್ತದೆ. ಹಾಗಾಗಿ ಮೊಳಕೆಯಲ್ಲೇ ಡಿಎನ್‌ಎ ಗುರುತು ನೋಡುವ ಪರೀಕ್ಷೆಗಳೂ ಬಳಕೆಗೆ ಬಂದಿವೆ.

ಇಷ್ಟೊಂದು ಗದ್ದೆಗಳಿಗೆ ಒಂದೇ ತಾಯಿಯ ಕೋಶದ್ರವ್ಯ ಇರುವುದು ಅಪಾಯವಲ್ಲವೇ ಎಂಬ ಪ್ರಶ್ನೆಗೆ ಮೆಕ್ಕೆಜೋಳದ ಅನುಭವ ಉತ್ತರ ಕೊಟ್ಟಿದೆ. 1970ರಲ್ಲಿ ಅಮೆರಿಕದ ಮೆಕ್ಕೆಜೋಳದ ಹೊಲಗಳಲ್ಲಿ ಬಹುಪಾಲು ಟೆಕ್ಸಾಸ್ ಕೋಶದ್ರವ್ಯದ ಹೈಬ್ರಿಡ್‌ಗಳಿದ್ದವು. ಪರಾಗ ಕೆಡಿಸುವ ಅದೇ ಮೈಟೊಕಾಂಡ್ರಿಯಾ ಪ್ರೋಟೀನು ಎಲೆ ಅಂಗಮಾರಿ ಶಿಲೀಂಧ್ರದ ಒಂದು ಬಗೆಯ ವಿಷಕ್ಕೂ ದಾರಿ ಬಿಟ್ಟುಕೊಟ್ಟಿತು. ಆ ವರ್ಷದ ಫಸಲಿನಲ್ಲಿ ಸುಮಾರು ಶೇ 15 ನಾಶವಾಯಿತು. ಹೈನಾನ್ ಕೋಶದ್ರವ್ಯದಲ್ಲಿ ಅಂಥ ದೌರ್ಬಲ್ಯ ಕಂಡುಬಂದಿಲ್ಲ. ಆದರೂ ತಳಿವಿಜ್ಞಾನಿಗಳು ಬೇರೆ ಕಾಡುಭತ್ತಗಳಿಂದ ಬೇರೆ ಕೋಶದ್ರವ್ಯಗಳನ್ನು ಹುಡುಕುತ್ತಲೇ ಇದ್ದಾರೆ. ಈ ಕೆಲಸಕ್ಕೆ ಇನ್ನೂ ಹೆಚ್ಚು ಗಮನ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ಹೊಸ ಕೋಶದ್ರವ್ಯ ಸಿಕ್ಕರೆ ಅದಕ್ಕೆ ಹೊಂದುವ ಬಿ ಮತ್ತು ಆರ್ ಸಾಲುಗಳನ್ನು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ, ಬಿ ತಳಿಯನ್ನು ಆರೇಳು ಪೀಳಿಗೆ ಮರುಸಂಕರ ಮಾಡಿದ ಮೇಲಷ್ಟೇ ಒಂದು ಎ ಸಾಲು ಕೈಗೆ ಬರುತ್ತದೆ.

ಹೈಬ್ರಿಡ್ ಭತ್ತದ ಕಾಳನ್ನೇ ಮುಂದಿನ ವರ್ಷಕ್ಕೆ ಬಿತ್ತಬಾರದೇ ಎಂದು ಕೇಳುವ ರೈತರಿದ್ದಾರೆ. ಎಕರೆಗೆ ಆರು ಕಿಲೋ ಆದರೂ ಅದರ ಬೆಲೆ ಹಗುರವಲ್ಲ. ಆದರೆ ಹೈಬ್ರಿಡ್ ಗಿಡದಲ್ಲಿ ಫಲವಂತಿಕೆಯ ಜೀನುಗಳ ಒಂದೊಂದು ಪ್ರತಿ ಮಾತ್ರ ಇರುತ್ತದೆ, ಅದು ತಂದೆಯಿಂದ ಬಂದದ್ದು. ಮಕ್ಕಳಲ್ಲಿ ಕೆಲವಕ್ಕೆ ಎರಡು ಪ್ರತಿ ಹೋಗುತ್ತದೆ, ಕೆಲವಕ್ಕೆ ಒಂದು, ಕೆಲವಕ್ಕೆ ಒಂದೂ ಇಲ್ಲ. ಕೋಶದ್ರವ್ಯದ ದೋಷವಾದರೋ ಎಲ್ಲಕ್ಕೂ ತಪ್ಪದೆ ಬರುತ್ತದೆ. ಹಾಗಾಗಿ ಎತ್ತರ ತಗ್ಗು, ಹಿಂಚು ಮುಂಚು ಸಾಲದೆಂಬಂತೆ ಅಲ್ಲಲ್ಲಿ ಅರೆಜೊಳ್ಳು, ಪೂರ್ತಿ ಜೊಳ್ಳು ತೆನೆಗಳೂ ಎದ್ದು ನಿಲ್ಲುತ್ತವೆ. ಇದ್ದ ಬೀಜವನ್ನೇ ಬಿತ್ತುವ ಆಸೆಯುಳ್ಳವರು ಹೈಬ್ರಿಡ್ ಬಿಟ್ಟು ಸಾಮಾನ್ಯ ತಳಿ ಬೆಳೆಯುವುದೇ ಸರಿ.