ಪಕ್ಕದ ಮನೆಯವರ ಮಾತಿಗೆ ಎಷ್ಟು ಕೊಡಬಹುದು?

“ನಮ್ಮನೆಗೆ ಬರೋರು ಚೆನ್ನಾಗಿ ಮಾಡ್ತಾರೆ ಕಣ್ರೀ, ನಂಬರ್ ಕೊಡ್ಲಾ?” ಲಿಫ್ಟಿನಲ್ಲಿ ಕೇಳಿಬರುವ ಇಂಥ ಮಾತೇ ಮನೆ ಕ್ಲೀನಿಂಗ್ ಮಾಡುವ ಸಣ್ಣ ಸಂಸ್ಥೆಗಳಿಗೆ ಗಿರಾಕಿಗಳನ್ನು ತರುವುದು. ಹಾಗೆ ಹೇಳಿದವರಿಗೆ ಏನಾದರೂ ಕೊಡಬೇಕು ಎಂದು ಮಾಲೀಕರಿಗೆ ಅನಿಸುವುದು ಸಹಜ. ಎಡವುವುದು ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬಲ್ಲಿ.

ಬೆಂಗಳೂರಿನ ಜೆ.ಪಿ. ನಗರದಲ್ಲಿ ತಿಂಗಳಿಗೊಮ್ಮೆ ಎರಡು ಬಾತ್‌ರೂಮ್ ತೊಳೆದುಕೊಡುವ ಸಂಸ್ಥೆಯೊಂದಿದೆ ಎಂದಿಟ್ಟುಕೊಳ್ಳೋಣ. ಒಂದು ಸಲಕ್ಕೆ 600 ರೂಪಾಯಿ. ಅದರಲ್ಲಿ ಕೆಲಸದವರ ಕೂಲಿ 280, ಓಡಾಟ 110, ಆಸಿಡ್, ಬ್ರಷ್ ಇತ್ಯಾದಿಗೆ 50, ಫೋನು-ಲೆಕ್ಕಪತ್ರಕ್ಕೆ 60. ಉಳಿಯುವುದು 100. ಹೊಸದಾಗಿ ಹತ್ತು ಮನೆ ಸಿಕ್ಕರೆ ಎರಡನೇ ತಿಂಗಳು ಐದು, ಮೂರನೇ ತಿಂಗಳು ನಾಲ್ಕು, ಆಮೇಲೆ ಮೂರು ಮನೆ ಮಾತ್ರ ನಿಂತವು ಅನ್ನೋಣ. ಆರು ತಿಂಗಳಲ್ಲಿ ಒಟ್ಟು 28 ಭೇಟಿ, ಕೈಗೆ ಸಿಕ್ಕಿದ್ದು 2,800.

ಈಗ ಮಾಲೀಕರು ಉತ್ಸಾಹದಿಂದ “ಹೇಳಿದವರಿಗೂ ಬಂದವರಿಗೂ ತಲಾ 200 ರೂಪಾಯಿ ರಿಯಾಯಿತಿ” ಎಂದರೆ ಹತ್ತು ಮನೆಗೆ 4,000 ಹೋಯಿತು. ಗಿರಾಕಿಗಳು ಹೆಚ್ಚಿದಷ್ಟೂ ನಷ್ಟ. ಅಮೆರಿಕದ ಹೋಮ್‌ಜಾಯ್ ಮೊದಲ ಕ್ಲೀನಿಂಗನ್ನು ಬರೀ 19 ಡಾಲರಿಗೆ ಕೊಟ್ಟು ಜನರನ್ನು ಸೆಳೆಯುತ್ತಿತ್ತು. 2015ರ ಜುಲೈನಲ್ಲಿ ಬಾಗಿಲು ಹಾಕಿತು. ಕಾರ್ಮಿಕರ ಮೊಕದ್ದಮೆಗಳೂ ಅದನ್ನು ಕುಗ್ಗಿಸಿದ್ದವು, ನಿಜ. ಆದರೆ ಅಗ್ಗಕ್ಕೆಂದು ಬಂದವರಲ್ಲಿ ಬಹಳ ಮಂದಿ ಪೂರ್ತಿ ದರ ಕೊಟ್ಟು ಮತ್ತೆ ಕರೆಯಲಿಲ್ಲ.

ಹಾಗಾಗಿ ಕಾಣಿಕೆ ಮೊದಲ ಭೇಟಿಗೆ ಅಲ್ಲ. ಹೊಸ ಮನೆಯವರು ಎರಡನೇ ಸಲ ಕರೆಸಿ ಹಣ ಕೊಟ್ಟ ಮೇಲೆ ಹೇಳಿದವರಿಗೆ, ಮೂರನೇ ಸಲ ಕರೆದಾಗ ಆ ಹೊಸಬರಿಗೆ. ಅದೂ ದುಡ್ಡಿನ ರೂಪದಲ್ಲಿ ಬೇಡ. ಪಕ್ಕದ ಮನೆಯವರಿಂದ ಕಮಿಷನ್ ತಿಂದ ಹಾಗಾಯಿತಲ್ಲ ಎಂಬ ಮುಜುಗರ ನಮ್ಮಲ್ಲಿ ಇದ್ದೇ ಇದೆ. ಒಮ್ಮೆ ದರ ಇಳಿಸಿದರೆ ಮುಂದಿನ ತಿಂಗಳ 600 ದುಬಾರಿ ಎನಿಸುವುದೂ ಉಂಟು. ಅದರ ಬದಲು ಅಡುಗೆಮನೆಯ ಜಿಡ್ಡು ಹಿಡಿದ ಎಕ್ಸಾಸ್ಟ್ ಫ್ಯಾನ್ ತೊಳೆದುಕೊಡಲಿ. ಸಂಸ್ಥೆಗೆ ತಗಲುವುದು ಸುಮಾರು 50 ರೂಪಾಯಿಯ ಕೆಲಸ. ಸ್ಟೂಲ್ ಹತ್ತಿ ಅದನ್ನು ಉಜ್ಜುವ ಪಾಡು ತಪ್ಪಿದ ಮನೆಯವರಿಗೆ ಅದರ ಬೆಲೆ ಇನ್ನೂ ಹೆಚ್ಚು. ಹೀಗೆ ಹೇಳಿದ ಐವರಿಗೆ, ಉಳಿದ ನಾಲ್ವರಿಗೆ ಕೊಟ್ಟರೆ ಖರ್ಚು 450.

ಕೆಲಸದಾಕೆಗೂ ಒಂದು ಪಾಲು ಇರಲೇಬೇಕು ಎಂಬುದು ನನ್ನ ನಂಬಿಕೆ. ಒಳ್ಳೆಯ ಹೆಸರು ತಂದವಳು ಅವಳು. ನಿಂತ ಪ್ರತಿ ಹೊಸ ಮನೆಗೆ ಅವಳಿಗೆ 50 ರೂಪಾಯಿ ಕೊಟ್ಟರೆ ಇನ್ನೊಂದು 250 ಆಯಿತು. ಏನೂ ಕೊಡದಿದ್ದರೆ ತನ್ನ ಸ್ವಂತ ನಂಬರನ್ನೇ ಪಕ್ಕದ ಮನೆಗೆ ಕೊಟ್ಟುಬರುತ್ತಾಳೆ, ಅವಳನ್ನು ದೂರಲಾಗದು. ಎಲ್ಲ ಕಳೆದು 2,100 ಉಳಿಯಿತು.

ಜನ ಬಾಯಿ ಬಿಡದಿರುವುದಕ್ಕೆ ಕಾರಣ ಬಹುಮಾನ ಚಿಕ್ಕದೆಂಬುದಲ್ಲ, ಅಂಜಿಕೆ. ನಾನು ಹೇಳಿ ಕಳಿಸಿದವರು ಅವರ ಮನೆಯಲ್ಲಿ ಏನಾದರೂ ಒಡೆದರೆ? ಉಂಗುರ ಕಾಣೆಯಾದರೆ? ಈ ಅಂಜಿಕೆ ಕಳೆಯಲು ಒಂದೇ ದಾರಿ: ಹೇಳಿದವರ ಮನೆಗೆ ಬರುವಾಕೆಯನ್ನೇ ಹೊಸ ಮನೆಗೂ ಕಳಿಸುವುದು. ಮುಖ ಗೊತ್ತಿರುವವಳ ಬಗ್ಗೆ ಮಾತಾಡುವುದು ಸುಲಭ. ಚೀಟಿ ಕೊಡುವುದಕ್ಕೂ ಹೊತ್ತಿದೆ. ಮೂರು ಸಲ ಕೆಲಸ ನೋಡಿದ ಮನೆಗೆ, ನೆಲ ಇನ್ನೂ ಒದ್ದೆಯಿರುವಾಗ, ಅವಳ ಹೆಸರು ಬರೆದ ಚೀಟಿ ಕೊಡಬೇಕು.

ಅದೇ ಕಟ್ಟಡದ ಎರಡನೇ ಮನೆ ಅದೇ ಬೆಳಿಗ್ಗೆ ಸಿಕ್ಕರೆ ಓಡಾಟದ 110 ಉಳಿಯುತ್ತದೆ, ಆ ಭೇಟಿಯ ಲಾಭ 210ಕ್ಕೆ ಏರುತ್ತದೆ. ಆದ್ದರಿಂದ ಚೀಟಿಯಲ್ಲಿ “ನಿಮ್ಮ ಕಟ್ಟಡದವರಿಗೆ” ಎಂದೇ ಇರಲಿ. ದೂರದ ಮಲ್ಲೇಶ್ವರದ ಅಕ್ಕನಿಗೆ ಹೇಳಿದರೆ ಸಂತೋಷ, ಆದರೆ ಅದು ಈ ಯೋಜನೆಗೆ ಸೇರದು.

ಲೆಕ್ಕ ಇಡುವುದು ಫೋನ್ ನಂಬರಿನ ಮೇಲಲ್ಲ, ಫ್ಲಾಟ್ ನಂಬರಿನ ಮೇಲೆ. ಗಂಡನ ನಂಬರಿನಿಂದ ಹೆಂಡತಿಯನ್ನು ಹೊಸಬರೆಂದು ಸೇರಿಸುವುದು ಆಗ ನಡೆಯದು. ಇನ್ನೊಂದು ಮೋಸ ಯಾರೂ ಮಾಡದೆಯೇ ಆಗುವಂಥದ್ದು: ಹೇಗಿದ್ದರೂ ಬರುತ್ತಿದ್ದವರಿಗೂ ಕಾಣಿಕೆ ಹೋಗುತ್ತದೆ. ಒಂದೇ ತರಹದ ಎಂಟು ಕಟ್ಟಡಗಳಲ್ಲಿ ನಾಲ್ಕಕ್ಕೆ ಮಾತ್ರ ಎರಡು ತಿಂಗಳು ಚೀಟಿ ಹಂಚಿ ನೋಡಬೇಕು. ಚೀಟಿ ಇದ್ದ ಕಡೆ ಹನ್ನೆರಡು ಮನೆ, ಇಲ್ಲದ ಕಡೆ ಎಂಟು ಮನೆ ಬಂದರೆ ಚೀಟಿಯಿಂದ ಬಂದದ್ದು ನಾಲ್ಕೇ. ಆಗ ಒಂದು ನಿಜವಾದ ಹೊಸ ಮನೆಗೆ ಆದ ಖರ್ಚು ಪುಸ್ತಕದಲ್ಲಿ ಕಾಣುವುದರ ಮೂರು ಪಟ್ಟು.

ಒಬ್ಬಾಕೆ ಬೆಳಿಗ್ಗೆ ಎಂಟರಿಂದ ಒಂದರವರೆಗೆ ನಾಲ್ಕು ಮನೆ ಮುಗಿಸಬಲ್ಲಳು. ಐದನೆಯ ಮನೆಗೆ ಬೇರೆಯವರನ್ನೇ ಕಳಿಸಬೇಕು. ಗುರುತಿನ ಮುಖವೂ ಹೋಯಿತು, ಉಳಿದಿದ್ದ 110 ರೂಪಾಯಿಯೂ ಹೋಯಿತು. ಅವಳ ಬೆಳಗುಗಳು ತುಂಬಿದ ಕಟ್ಟಡದಲ್ಲಿ ಚೀಟಿ ಕೊಡುವುದನ್ನು ನಿಲ್ಲಿಸಿ, ಆ ಕಟ್ಟನ್ನು ಎದುರಿನ ಕಟ್ಟಡಕ್ಕೆ ಒಯ್ಯಬೇಕು.